ದಕ್ಷಿಣ ಧ್ರುವವನ್ನೂ ಸೇರಿಸಿದಾಗ

ದೊಡ್ಡಬಳ್ಳಾಪುರದ ನಮ್ಮ ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ರಾಮಾಂಜಿನಪ್ಪನವರು ಗಣಿತದ ಅತಿಥಿ ಉಪನ್ಯಾಸಕರಾಗಿದ್ದರು. ಈ ‘ಅತಿಥಿ’ ಎಂಬ ಹೆಸರಿಟ್ಟ ಪುಣ್ಯಾತ್ಮರು ಯಾರೋ, ಕನ್ನಡ ಪಾಠ ಮಾಡುವ ನನಗೆ ಅವರನ್ನೊಮ್ಮೆ ಎದುರಿಗೆ ಕೂರಿಸಿಕೊಂಡು ಅರ್ಥ ಕೇಳಬೇಕೆನಿಸುತ್ತದೆ. ತಲೆಗೂದಲು ಕಪ್ಪಗಿದ್ದಾಗ ಬಂದ ಮನುಷ್ಯ, ಕೂದಲು ನರೆತ ಮೇಲೂ ವರ್ಷಾವರ್ಷ ಅರ್ಜಿ ಹಾಕಿ ಒಳಗೆ ಬರಬೇಕಿತ್ತು. ಅತಿಥಿಯನ್ನು ಹೀಗೆ ನಡೆಸಿಕೊಂಡರೆ ನಮ್ಮ ಹಳ್ಳಿಗಳಲ್ಲಿ ಮುಖಕ್ಕೆ ಉಗಿಯುತ್ತಾರೆ.

ಅವರಿಗೆ ಇದ್ದದ್ದು ಒಂದೇ ಆಸೆ. ಎಂ.ಎಸ್ಸಿ. ಓದುವಾಗ ಅವರ ಮೇಷ್ಟ್ರು ಕಾಂಪ್ಲೆಕ್ಸ್ ಅನಾಲಿಸಿಸ್ ಪಾಠದಲ್ಲಿ ಬೋರ್ಡಿನ ಮೇಲೆ ಒಂದು ಕಮಾನು ಎಳೆದು ಲೆಕ್ಕ ಬಿಡಿಸಿದ್ದರಂತೆ. ಆ ಕಮಾನನ್ನು ತಾನೂ ಒಂದು ಸಲ ಮಕ್ಕಳ ಮುಂದೆ ಎಳೆಯಬೇಕು. ಆದರೆ ಆ ಪೇಪರು ಪ್ರತಿ ವರ್ಷ ಕಾಯಂ ಉಪನ್ಯಾಸಕರ ಪಾಲಾಗುತ್ತಿತ್ತು. ಇವರಿಗೆ ಮೊದಲ ವರ್ಷದವರ ಮ್ಯಾಟ್ರಿಕ್ಸೇ ಗತಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಂಥವರಿಗೇ ಹೇಳಿದ ಮಾತು.

ಏನು ಸ್ವಾಮಿ ಅಂಥದ್ದು ಆ ಕಮಾನಿನಲ್ಲಿ ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಛೇಡಿಸಿದೆ. ಚಿತ್ರಾನ್ನದ ಡಬ್ಬಿ ಪಕ್ಕಕ್ಕಿಟ್ಟು, ನೀರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಒಂದು ಅಡ್ಡಗೆರೆ ಎಳೆದರು. ಈ ಗೆರೆಯ ಎಡತುದಿಯಿಂದ ಬಲತುದಿಯವರೆಗೆ, ಎರಡೂ ಕಡೆ ಕೊನೆಯೇ ಇಲ್ಲದಂತೆ, ಒಂದು ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಬೇಕು. ಗೆರೆಯ ಮೇಲೇ ನಡೆದು ಲೆಕ್ಕ ಹಾಕಹೋದರೆ ಅನೇಕ ಸಲ ಸುಸ್ತಾಗುತ್ತದೆ. ಅದಕ್ಕೇ ಗೆರೆಯ ತುದಿಯಿಂದ ಮೇಲಕ್ಕೆದ್ದು, ಅರ್ಧ ಚಕ್ರದಂಥ ಕಮಾನಿನ ಮೇಲೆ ಹಾಯ್ದು, ಹೊರಟ ಜಾಗಕ್ಕೇ ವಾಪಸ್ ಬರಬೇಕು.

“ರಸ್ತೆ ಕಟ್ಟಾಗಿದ್ರೆ ಹೊಲದ್ ಮೇಲೆ ಸುತ್ತಾಕ್ಕೊಂಡ್ ಬರಲ್ವಾ ಮೇಡಂ, ಹಂಗೆ. ಆ ಕಮಾನು ದೊಡ್ಡದಾಗ್ತಾ ಆಗ್ತಾ ಅದರ ಪಾಲು ಸೊನ್ನೆಗೆ ಹೋಗ್ಬಿಡುತ್ತೆ. ಉಳಿಯೋದು ಸುತ್ತಿನೊಳಗೆ ಸಿಕ್ಕಿದ್ದು ಮಾತ್ರ.”

ಸಿಕ್ಕಿದ್ದು ಅಂದರೆ, ಆ ವಕ್ರರೇಖೆಯನ್ನು ಕೊಡುವ ಭಿನ್ನರಾಶಿಯ ಕೆಳಗಿನ ಭಾಗ ಸೊನ್ನೆಯಾಗುವ ಬಿಂದುಗಳು. ಇಂಗ್ಲಿಷಿನಲ್ಲಿ ಪೋಲ್ ಅನ್ನುತ್ತಾರೆ. ಒಂದೊಂದು ಪೋಲಿಗೂ ರೆಸಿಡ್ಯೂ ಎಂಬ ಒಂದು ಸಂಖ್ಯೆಯಿದೆ. ಒಳಗಿರುವವುಗಳ ರೆಸಿಡ್ಯೂ ಕೂಡಿಸಿ 2πi ಇಂದ ಗುಣಿಸಿದರೆ ಉತ್ತರ ಬಂತು; i ಅಂದರೆ ಮೈನಸ್ ಒಂದರ ವರ್ಗಮೂಲ. ಮೇಜಿನ ಮೇಲಿನ ಕಮಾನು ಆರುವವರೆಗೂ ಅವರು ಅದನ್ನೇ ನೋಡುತ್ತಿದ್ದರು. ನನಗೆ ಪಾಪ ಅನ್ನಿಸಿತು.

ಈ ವರ್ಷ ಕಾಯಂ ಮೇಷ್ಟ್ರು ನಿವೃತ್ತರಾಗಿ ಪೇಪರು ಕೊನೆಗೂ ಇವರ ಕೈಗೆ ಬಂತು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗಾಗಿ ಪೋಲಿಗೂ ರೆಸಿಡ್ಯೂಗೂ ಕನ್ನಡ ಪದ ಕೇಳಿದರು. ಧ್ರುವ, ಶೇಷ ಎಂದೆ. ಮದುವೆಗೆ ಸೀರೆ ಆರಿಸುವವರಂತೆ ಎರಡನ್ನೂ ಮತ್ತೆ ಮತ್ತೆ ಹೇಳಿ ನೋಡಿಕೊಂಡು ಹೋದರು.

ಕಮಾನಿನ ಪಾಠ ಸೆಮಿಸ್ಟರಿನ ಕೊನೆಯ ಘಟಕದಲ್ಲಿತ್ತು. ಅಲ್ಲಿಗೆ ತಲುಪುವ ಹೊತ್ತಿಗೆ ಸರಿಯಾಗಿ ವರ್ಗಾವಣೆ ಆದೇಶ ಬಂತು. ನವೀನ್‌ಕುಮಾರ್ ಎಂಬ ಕಾಯಂ ಉಪನ್ಯಾಸಕರು ಬರುತ್ತಾರೆ, ಅತಿಥಿ ಬಿಡುಗಡೆ. ಪ್ರಿನ್ಸಿಪಾಲರು ಸಂಕೋಚದಿಂದಲೇ ಹೇಳಿದರು: ಅವರು ನಾಳೆ ಮಧ್ಯಾಹ್ನ ವರದಿ ಮಾಡಿಕೊಳ್ಳುತ್ತಾರೆ, ಬೆಳಗಿನ ತರಗತಿ ನಿಮ್ಮದೇ. ಎಷ್ಟೋ ವರ್ಷದ ಆಸೆಗೆ ಸಿಕ್ಕಿದ್ದು ಒಂದು ಪೀರಿಯಡ್ಡು. ಹಿಂದಿನ ಬೆಂಚಿನಲ್ಲಿ ನಾನೂ ಹೋಗಿ ಕೂತೆ.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. x² ಕೂಡಿಸು ಒಂದು, x² ಕೂಡಿಸು ನಾಲ್ಕು, ಎರಡನ್ನೂ ಗುಣಿಸಿ ಅದರಿಂದ ಒಂದನ್ನು ಭಾಗಿಸಿದ ಭಿನ್ನರಾಶಿಯನ್ನು ಬರೆದರು. ಕಮಾನು ಎಳೆದರು. ಭುಜದಿಂದ ಕೈ ಬೀಸಿ ಒಂದೇ ಸಲಕ್ಕೆ ಎಳೆದ ಆ ಗೆರೆ ಎಲ್ಲೂ ನಡುಗಲಿಲ್ಲ. ಕಮಾನಿನ ಉದ್ದ ತ್ರಿಜ್ಯದಷ್ಟೇ ವೇಗದಲ್ಲಿ ಬೆಳೆಯುತ್ತದೆ, ಭಿನ್ನರಾಶಿಯಾದರೋ ತ್ರಿಜ್ಯದ ನಾಲ್ಕನೇ ಘಾತದಿಂದ ಭಾಗಿಸಿದಂತೆ ಕುಗ್ಗುತ್ತದೆ, ಆದ್ದರಿಂದ ಕಮಾನಿನ ಪಾಲು ಸೊನ್ನೆ ಎಂದು ನಿಧಾನವಾಗಿ ತೋರಿಸಿದರು. ಉಳಿದದ್ದನ್ನು ಮಾಡಲು ರಾಜಘಟ್ಟದ ಪ್ರಿಯಾಂಕಳನ್ನು ಕರೆದರು.

ಹುಡುಗಿ ಚುರುಕು. ಗೆರೆಯಿಂದ ಮೇಲ್ಗಡೆ i, 2i ಎಂಬ ಧ್ರುವಗಳನ್ನು ಗುರುತಿಸಿದಳು. ಕೆಳಗೆ −i, −2i. ನಾಲ್ಕರ ಶೇಷವನ್ನೂ ತಪ್ಪಿಲ್ಲದೆ ಕಂಡುಹಿಡಿದಳು. ನಾಲ್ಕನ್ನೂ ಕೂಡಿಸಿದಳು. ಸೊನ್ನೆ ಬಂತು.

ಕೆಳಗಿನವನ್ನು ಯಾಕೆ ಸೇರಿಸಿದೆ ಎಂದು ಕೇಳಿದರು.

“ಉತ್ತರ ಧ್ರುವ ಇದ್ಮೇಲೆ ದಕ್ಷಿಣ ಧ್ರುವಾನೂ ಇರಬೇಕಲ್ವಾ ಸಾರ್, ಎರಡೂ ಸೇರಿದ್ರೇ ತಾನೆ ಪೂರ್ತಿ” ಎಂದಳು.

ನಾನು ಬೆಂಚಿನಲ್ಲೇ ಕುಗ್ಗಿದೆ. ಆ ಪದ ಕೊಟ್ಟವಳು ನಾನೇ, ಅವಳು ಅದನ್ನು ಭೂಗೋಳದ ಪಾಠದಿಂದ ಎತ್ತಿಕೊಂಡು ಬಂದಿದ್ದಾಳೆ. ಪೀರಿಯಡ್ಡು ಮುಗಿಯುತ್ತಾ ಬಂದಿತ್ತು. ಡಸ್ಟರ್ ತೆಗೆದುಕೊಂಡು ಕೆಳಗಿನ ಎರಡನ್ನು ಒರೆಸಿ ಉತ್ತರ ಬರೆದುಬಿಡಬಹುದಿತ್ತು. ಬರೆಯಿರಿ ಮಾರಾಯರೇ ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು. ಅವರು ಡಸ್ಟರ್ ಮುಟ್ಟಲಿಲ್ಲ.

“ಈ ಭಿನ್ನರಾಶಿ ಎಲ್ಲಾದ್ರೂ ಸೊನ್ನೆಗಿಂತ ಕೆಳಗಿಳಿಯುತ್ತೇನಮ್ಮ?”

“ಇಲ್ಲ ಸಾರ್, ಎಲ್ಲಾ ಕಡೆ ಪ್ಲಸ್ಸೇ.”

“ಮತ್ತೆ ಅದರ ಕೆಳಗಿನ ವಿಸ್ತೀರ್ಣ ಸೊನ್ನೆ ಹೆಂಗಾಯ್ತು?”

ಅವಳು ನಾಲ್ಕು ಶೇಷಗಳನ್ನೂ ಮೊದಲಿನಿಂದ ಮತ್ತೆ ಕೂಡಿಸತೊಡಗಿದಳು. ಬೆಲ್ ಹೊಡೆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಯೋಚನೆ ಮಾಡು ಎಂದಷ್ಟೇ ಹೇಳಿ, ಚಾಕ್‌ಪೀಸನ್ನು ಬೋರ್ಡಿನ ಅಂಚಿನ ಮೇಲಿಟ್ಟು ಹೊರಗೆ ಬಂದರು. ಗೇಟಿನವರೆಗೂ ಜೊತೆಗೆ ಹೋದೆ. ನೀವೇ ಬರೆಯಬಾರದಿತ್ತೇ ಎಂದು ರೇಗಿದೆ. ನಾನು ಬರೆದಿದ್ದರೆ ಅದು ನನ್ನ ಉತ್ತರವಾಗುತ್ತಿತ್ತು, ಅವಳ ಸೊನ್ನೆ ಹಾಗೇ ಉಳಿಯುತ್ತಿತ್ತು ಎಂದರು. ಬಸ್ಸು ಬರುವವರೆಗೂ ಹಿಂದೆ ತಿರುಗಿ ಕಾಲೇಜನ್ನು ನೋಡುತ್ತಿದ್ದರು.

ಈಗ ಅವರು ನೆಲಮಂಗಲದ ಒಂದು ಕೋಚಿಂಗ್ ಸೆಂಟರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗಣಿತ ಹೇಳಿಕೊಡುತ್ತಾರೆ. ಎದುರುಬದುರು ಬರುವ ರೈಲುಗಳು, ಅಪ್ಪ ಮಗನ ವಯಸ್ಸು, ತೊಟ್ಟಿ ತುಂಬುವ ನಲ್ಲಿ. ನಮ್ಮ ತಾಲ್ಲೂಕಿನ ಮಧುರೆಯಲ್ಲಿರುವ ತಮ್ಮ ಮನೆಯಿಂದ ಆಗಾಗ ಫೋನ್ ಮಾಡಿ ಮಳೆ, ರಾಗಿ ಪೈರು ಎಲ್ಲವನ್ನೂ ಸುತ್ತಿ ಬಳಸಿ, ಕೊನೆಗೆ ಆ ಹುಡುಗಿಗೆ ಏನು ಹೊಳೆಯಿತಂತೆ ಎಂದು ಕೇಳುತ್ತಿದ್ದರು. ನವೀನ್‌ಕುಮಾರ್ ಬಂದವರೇ ಘಟಕ ಮುಗಿದಿದೆ ಎಂದುಕೊಂಡು ಪರೀಕ್ಷೆಯ ತಯಾರಿಗೆ ಹೊರಟಿದ್ದರು. ನನಗೂ ಕೇಳಲು ಪುರಸೊತ್ತಾಗಿರಲಿಲ್ಲ.

ಒಂದು ಸಂಜೆ ಕಾಲೇಜಿನ ವರಾಂಡದಲ್ಲಿ ಪ್ರಿಯಾಂಕ ತಾನೇ ನನ್ನ ಹತ್ತಿರ ಬಂದಳು. ರಾಮಾಂಜಿ ಸಾರ್ ನಂಬರ್ ಬೇಕಿತ್ತು ಎಂದಳು. ಯಾಕೆ ಎಂದೆ.

“ನಾವು ಸುತ್ತಾಕಿದ್ದು ಮೇಲ್ಗಡೆ ಮೇಡಂ, ದಕ್ಷಿಣ ಧ್ರುವ ನಮ್ಮ ಸುತ್ತಿನೊಳಗೇ ಇಲ್ಲ. ಮೇಲಿನ ಎರಡನ್ನೇ ಕೂಡಿಸಿದ್ರೆ π/6 ಬರುತ್ತೆ. ಆದ್ರೆ ಕೆಳಗಡೆ ಸುತ್ತಾಕಿದ್ರೆ ಏನಾಗುತ್ತೆ ಅಂತ ಅವರನ್ನೇ ಕೇಳಬೇಕು.”

ನನ್ನ ಫೋನಿನಿಂದಲೇ ಹಚ್ಚಿಕೊಟ್ಟೆ, ಸ್ಪೀಕರ್ ಹಾಕಿ. ಅವಳು ಹೇಳಿದ್ದನ್ನೆಲ್ಲ ಕೇಳಿ ಅವರು ಇನ್ನೊಮ್ಮೆ ಹೇಳಿಸಿದರು. ಆಮೇಲೆ, ಗೆರೆಯ ಮೇಲೆ ಎಡದಿಂದ ಬಲಕ್ಕೆ ಹೋದವಳು ಕೆಳಗಡೆಯಿಂದ ವಾಪಸ್ಸಾಗುವಾಗ ಯಾವ ಕಡೆಗೆ ತಿರುಗುತ್ತೀಯ ಎಂದು ಕೇಳಿದರು. ಅವಳು ಗಾಳಿಯಲ್ಲಿ ಬೆರಳು ಆಡಿಸಿದಳು. ಗಡಿಯಾರದ ಮುಳ್ಳು ತಿರುಗುವ ಕಡೆಗೆ, ಅಂದರೆ ಮೇಲಿನ ಸುತ್ತಿಗೆ ಉಲ್ಟಾ, ಹಾಗಾದರೆ ಒಂದು ಮೈನಸ್ ಸೇರುತ್ತದೆ, ಕೆಳಗಿನ ಶೇಷಗಳ ಮೊತ್ತವೂ ಮೇಲಿನದರ ಮೈನಸ್ಸೇ, ಎರಡೂ ಹೊಡೆದುಹೋದರೆ ಮತ್ತೆ π/6 ಎಂದಳು. ಹೇಳುತ್ತಾ ಹೇಳುತ್ತಾ ಅವಳಿಗೇ ನಗು ಬಂತು.

“ನೀವು ಈಗ ಎಲ್ಲಿದ್ದೀರಾ ಮೇಡಂ?” ಎಂದು ನನ್ನನ್ನು ಕೇಳಿದರು. ಅದೇ ತರಗತಿಯ ಪಕ್ಕದಲ್ಲೇ ಇದ್ದೇವೆ ಎಂದೆ.

“ಹಂಗಾದ್ರೆ ಒಳಗೆ ಕರ್ಕೊಂಡೋಗಿ. ಅವಳು ಉತ್ತರಾನ ಬೋರ್ಡ್ ಮೇಲೆ ಬರೀಲಿ. ಫೋನು ಹತ್ರ ಹಿಡ್ಕೊಳ್ಳಿ, ನಂಗೆ ಚಾಕ್‌ಪೀಸ್ ಸದ್ದು ಕೇಳ್ಬೇಕು.”

ಪ್ರಿಯಾಂಕ ಕಮಾನು ಎಳೆದಳು, ಅದರ ಪಕ್ಕದಲ್ಲಿ π/6 ಎಂದು ಬರೆದಳು. ನಾನು ಫೋನನ್ನು ಬೋರ್ಡಿಗೆ ಒತ್ತಿ ಹಿಡಿದು ನಿಂತಿದ್ದೆ. ಬರೆದು ಮುಗಿದ ಮೇಲೂ ಆ ಕಡೆಯಿಂದ ಅವರು ಫೋನ್ ಇಡಲಿಲ್ಲ.