ಕಿವಿಗೊಡದ ಕರೆ

ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಕೂತೇ ತಲೆ ನರೆತ ಆಕೆಯನ್ನು ಎಲ್ಲರೂ ಆಪರೇಟರಮ್ಮ ಎನ್ನುತ್ತಿದ್ದರು. ಇಬ್ಬರ ಲೈನು ಜೋಡಿಸಿದ ಕೂಡಲೇ ರಿಸೀವರನ್ನು ಕಿವಿಯಿಂದ ತೆಗೆಯುವುದು ಆಕೆಯ ವ್ರತ. ಪರರ ಮಾತು ಕದ್ದು ಕೇಳಿದ ಹೊಸಬರಿಗೆ ನೀರಿಳಿಸಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಆಕೆಯ ಮೊಬೈಲಿಗೆ ಅಪರಿಚಿತನೊಬ್ಬ ಕರೆ ಮಾಡಿದ. "ಅಮ್ಮಾ, ನಿಮ್ಮ ಹಳೇ ಮೇಟ್ರನ್ ನಿಮ್ಮ ನಂಬರ್ ಕೊಟ್ರು. ಈಗ ಬೇರೆ ನಂಬರಿಂದ ಅವರೇ ನಿಮಗೆ ಮಾಡ್ತಿದಾರೆ. ಎತ್ತಿದ ತಕ್ಷಣ ಎರಡೂ ಕಾಲ್ ಸೇರಿಸಿಬಿಡಿ, ಅವರ ಹತ್ರ ಅರ್ಜೆಂಟ್ ಮಾತಿದೆ."

ಅಷ್ಟರಲ್ಲಿ ಎರಡನೆಯ ಕರೆ ಬಂದೇಬಂತು. ಲೈನು ಜೋಡಿಸುವುದು ಆಕೆಗೆ ನೀರು ಕುಡಿದಷ್ಟು ಸುಲಭ. ಎತ್ತಿದಳು, ಜೋಡಿಸಿದಳು, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಅತ್ತ ಮೇಟ್ರನ್ ಇರಲೇ ಇಲ್ಲ. ಆಪರೇಟರಮ್ಮನ ವಾಟ್ಸಾಪನ್ನು ತನ್ನ ಫೋನಿನಲ್ಲಿ ತೆರೆಯಲು ಬೇಕಾದ ಗುಟ್ಟಿನ ಕೋಡನ್ನು ಮೆಸೇಜಿನ ಬದಲು ಕರೆಯಲ್ಲೇ ಹೇಳುವಂತೆ ಆ ಹಾಳಾದವನು ವಾಟ್ಸಾಪಿಗೆ ಕೋರಿಕೆ ಕಳಿಸಿದ್ದ. ಆ ಎರಡನೆಯ ಕರೆ ವಾಟ್ಸಾಪಿನ ಯಂತ್ರದ್ದು; ಅದು ಕೋಡಿನ ಅಂಕಿಗಳನ್ನು ಒಂದೊಂದಾಗಿ ಓದಿತು. ಕರೆ ಜೋಡಿಸಿದ್ದರಿಂದ ಅವನೂ ಕೇಳಿಸಿಕೊಂಡು ಬರೆದುಕೊಂಡ.

ಸಂಜೆ ಅಣ್ಣನ ಮಗಳು ಓಡಿಬಂದಳು. "ಅತ್ತೆ, ನೀವು ಐಸಿಯುನಲ್ಲಿದ್ದೀರಿ, ಅರ್ಜೆಂಟಾಗಿ ದುಡ್ಡು ಬೇಕು ಅಂತ ನಿಮ್ಮ ವಾಟ್ಸಾಪಿಂದಲೇ ಎಲ್ರಿಗೂ ಮೆಸೇಜು. ಚಿಕ್ಕತ್ತೆ ತಮ್ಮ ಆಪರೇಷನ್ನಿಗೆ ಕೂಡಿಟ್ಟಿದ್ದನ್ನೆಲ್ಲ ಕಳಿಸಿಬಿಟ್ರು!"

ಆಪರೇಟರಮ್ಮ ಮೊಬೈಲು ಕೈಗೆತ್ತಿಕೊಂಡಳು. ತೆರೆದರೆ ಅವಳ ವಾಟ್ಸಾಪ್ ಖಾತೆ ಅವಳನ್ನೇ ಹೊರಹಾಕಿತ್ತು. ಮಧ್ಯಾಹ್ನ ಎರಡು ಕರೆ ಜೋಡಿಸಿದ್ದನ್ನು ಹುಡುಗಿಗೆ ಹೇಳಿದಳು.

"ಕೋಡು ಯಾರಿಗೂ ಕೊಡಬೇಡಿ ಅಂತ ಆ ಎರಡನೇ ಕರೆಯಲ್ಲೇ ಹೇಳಿರುತ್ತೆ ಅತ್ತೆ. ನಿಮ್ಮ ಕಿವಿಗೆ ಬೀಳಲೇ ಇಲ್ವಾ?"

"ಜೋಡಿಸಿದ ಮೇಲೆ ನಾನು ಕೇಳಲ್ವಲ್ಲೇ," ಎಂದಳು ಆಕೆ.