ಕೊರತೆ ಬರೆದುಕೊಟ್ಟ ಮೇಷ್ಟ್ರು

ನಮ್ಮ ಶಾಲೆಯ ಗಣಿತದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ‘ಇನ್ನೊಂದ್ಸಲ’. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ಮುಗಿಸಿ ಕೊನೆಯ ಬೆಂಚಿನತ್ತ ನೋಡುತ್ತಿದ್ದರು. ಅಲ್ಲಿ ಒಂದೇ ಒಂದು ಮುಖ ಸಪ್ಪಗಿದ್ದರೂ ಸಾಕು, ಡಸ್ಟರ್ ತೆಗೆದುಕೊಂಡು ಎಲ್ಲವನ್ನೂ ಒರೆಸಿ, “ಇನ್ನೊಂದ್ಸಲ ನೋಡೋಣ್ವಾ?” ಅನ್ನುತ್ತಿದ್ದರು. ಮರಗೆಲಸದವರ ಮಗ. ಹೈಸ್ಕೂಲಿನಲ್ಲಿ ಗಣಿತದಲ್ಲೇ ಎರಡು ಸಲ ಫೇಲಾದವರು. ಅದನ್ನು ಮುಚ್ಚಿಡುವುದಿರಲಿ, ಹೊಸ ತರಗತಿಗೆ ಹೋದ ಮೊದಲ ದಿನ ಪರಿಚಯದಂತೆ ಹೇಳಿಕೊಳ್ಳುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅದೇ ಹಳೇ ಸ್ಕೂಟರ್, ಅದೇ ಎರಡು ಡಬ್ಬಿಯ ಊಟ, ಜೇಬಿನ ಮೇಲೆ ಅದೇ ಸೀಮೆಸುಣ್ಣದ ಪುಡಿ. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅಂಗಿ ಒಗೆದು ಒಗೆದು ಸಾಕಾಗಿ ಆಕೆ ಕೊನೆಗೆ ಬರೀ ಬಿಳಿ ಅಂಗಿಗಳನ್ನೇ ಹೊಲಿಸಿಕೊಟ್ಟರಂತೆ.

ನಾನು ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ನಾಲಿಗೆ ಸ್ವಲ್ಪ ಹರಿತ, ಅದಕ್ಕೆ ನನ್ನನ್ನು ಕಂಡರೆ ಜನ ದಾರಿ ಬಿಡುತ್ತಾರೆ. ಅದನ್ನೇ ಗೌರವ ಎಂದು ತಿಳಿದುಕೊಂಡಿದ್ದೆ. ಇದು ಮೇಷ್ಟ್ರ ಕತೆ, ಆದರೆ ಇದರಲ್ಲಿ ತಲೆ ತಗ್ಗಿಸಬೇಕಾದವಳು ನಾನು.

ವರ್ಷದ ಕೊನೆಗೆ ಪ್ರತಿ ಶಿಕ್ಷಕರ ಬಗ್ಗೆ ನಾನೊಂದು ವಾರ್ಷಿಕ ಮೌಲ್ಯಮಾಪನ ಬರೆದು ಆಡಳಿತ ಮಂಡಳಿಗೆ ಕಳಿಸಬೇಕು. ಮೊದಲು ಶಿಕ್ಷಕರು ತಮ್ಮ ಬಗ್ಗೆ ತಾವೇ ಒಂದು ಫಾರಂ ತುಂಬುತ್ತಾರೆ: ಸಾಮರ್ಥ್ಯ, ಕೊರತೆ, ಮುಂದಿನ ಗುರಿ. ನಾನು ವರ್ಷದಲ್ಲಿ ಎರಡು ಸಲವಾದರೂ ಅವರ ತರಗತಿಯಲ್ಲಿ ಪೂರ್ತಿ ಪಿರಿಯಡ್ ಕೂತು ನೋಡಿರಬೇಕು, ಮಕ್ಕಳ ನೋಟ್‌ಬುಕ್ ತಿರುವಿಹಾಕಿರಬೇಕು, ಅವರ ಜೊತೆ ಕೂತು ಮಾತಾಡಿರಬೇಕು. ಆಮೇಲೆ ಬರೆಯಬೇಕು. ನಿಯಮ ಹಾಗಿದೆ.

ನಾನು ಮಾಡಿದ್ದೇ ಬೇರೆ. ಹೋದ ವರ್ಷ ಮೇಷ್ಟ್ರ ತರಗತಿಗೆ ಒಂದೇ ಸಲ ಹೋಗಿದ್ದೆ, ಅದೂ ಹನ್ನೊಂದು ನಿಮಿಷ. ಫೋನ್ ಬಂತು ಅಂತ ಎದ್ದು ಬಂದವಳು ಮತ್ತೆ ಆ ಕಡೆ ತಲೆಹಾಕಲಿಲ್ಲ. ಕೊನೆಗೆ ಮಂಡಳಿಯ ಕಾರ್ಯದರ್ಶಿಗಳು ಎರಡೇ ದಿನದಲ್ಲಿ ಇಪ್ಪತ್ತೆರಡು ಜನರದ್ದೂ ಬೇಕು ಅಂದಾಗ, ಎಲ್ಲರ ಫಾರಂಗಳನ್ನೂ ಮುಂದಿಟ್ಟುಕೊಂಡು ಕೂತೆ. ಇಪ್ಪತ್ತೊಂದು ಜನ ಕೊರತೆಯ ಜಾಗದಲ್ಲಿ ಏನೇನೋ ತೇಲಿಸಿ ಬರೆದಿದ್ದರು. ಸಮಾಜದ ಮೇಷ್ಟ್ರಂತೂ ತಮ್ಮ ಪಾಠ ಕೇಳಿ ಮಕ್ಕಳ ಬದುಕೇ ಬದಲಾಗಿದೆ ಎಂದು ಎರಡು ಪುಟ ಕೊಚ್ಚಿಕೊಂಡಿದ್ದರು. ‘ಇನ್ನೊಂದ್ಸಲ’ ಮೇಷ್ಟ್ರು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು: ‘ಈ ವರ್ಷ ಎರಡು ಅಧ್ಯಾಯ ತಡವಾಗಿ ಮುಗಿಸಿದೆ. ನೋಟ್‌ಬುಕ್‌ಗಳನ್ನು ಕೆಲವು ಸಲ ವಾರ ಕಳೆದ ಮೇಲೆ ವಾಪಸು ಕೊಟ್ಟಿದ್ದೇನೆ. ಬೇಗ ಲೆಕ್ಕ ಮುಗಿಸುವ ಮಕ್ಕಳಿಗೆ ಬೇರೆ ಕೆಲಸ ಕೊಡುವುದು ನನಗೆ ಇನ್ನೂ ಸರಿಯಾಗಿ ಬಂದಿಲ್ಲ, ಕಲಿಸಿಕೊಟ್ಟರೆ ಕಲಿಯುತ್ತೇನೆ.’

ನನಗೆ ಖುಷಿಯಾಯಿತು. ಬೇಕಾದ ಕೊರತೆ ಕೈಗೇ ಬಂದು ಬಿದ್ದಿತ್ತಲ್ಲ. ಅವರ ‘ಎರಡು ಅಧ್ಯಾಯ’ ನನ್ನ ಕೈಯಲ್ಲಿ ‘ಪಾಠಭಾಗ ಮುಗಿಸುವುದರಲ್ಲಿ ಸತತ ವಿಫಲ’ ಆಯಿತು. ‘ಕೆಲವು ಸಲ’ ಹೋಗಿ ‘ನಿಧಾನ ಸ್ವಭಾವ’ ಬಂತು. ಕಲಿಸಿಕೊಟ್ಟರೆ ಕಲಿಯುತ್ತೇನೆ ಎಂಬ ಮಾತನ್ನು ಬಿಟ್ಟೇಬಿಟ್ಟೆ. ಸಾಮರ್ಥ್ಯದ ಜಾಗದಲ್ಲಿ ‘ಶ್ರಮಜೀವಿ’ ಎಂದೆ. ಗುರಿಯ ಜಾಗದಲ್ಲಿ ‘ಸಮಯಪಾಲನೆ ಸುಧಾರಿಸಿಕೊಳ್ಳತಕ್ಕದ್ದು’ ಎಂದು ಗೀಚಿ, ಕೆಳಗೆ ‘ಸುಧಾರಣೆ ಬೇಕು’ ಎಂಬುದಕ್ಕೆ ಗುರುತು ಹಾಕಿದೆ. ಸಮಾಜದ ಮೇಷ್ಟ್ರಿಗೆ ‘ಅತ್ಯುತ್ತಮ’.

ಸಹಿ ಹಾಕಲು ಕರೆದಾಗ ಮೇಷ್ಟ್ರು ನಿಂತುಕೊಂಡೇ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

“ಇದು ನಾನು ಬರ್ದಿದ್ದೇ ಅಲ್ವಾ ಮೇಡಂ?”

“ಹೌದು. ನೀವೇ ಒಪ್ಕೊಂಡಿದೀರಲ್ಲ,” ಅಂದೆ.

“ಒಪ್ಕೊಂಡಿದೀನಿ,” ಅಂದರು, ಸಹಿ ಹಾಕಿದರು. ಶಿಕ್ಷಕರ ಅಭಿಪ್ರಾಯಕ್ಕೆಂದು ಬಿಟ್ಟ ಜಾಗ ಖಾಲಿಯೇ ಉಳಿಯಿತು. ಜಗಳ ಆಡಲಿಲ್ಲವಲ್ಲ, ಸದ್ಯ ಬದುಕಿದೆ ಅಂದುಕೊಂಡೆ. ಇವತ್ತು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆ ಒಂದು ಗುರುತಿನಿಂದ ಮೇಷ್ಟ್ರು ತಮ್ಮ ಮಕ್ಕಳನ್ನು ಕಳೆದುಕೊಂಡರು. ನಮ್ಮಲ್ಲಿ ಎಂಟನೇ ತರಗತಿಗೆ ಗಣಿತ ಹೇಳಿದವರೇ ಆ ಮಕ್ಕಳ ಜೊತೆ ಒಂಬತ್ತಕ್ಕೂ ಹತ್ತಕ್ಕೂ ಏರುತ್ತಾರೆ. ಆದರೆ ‘ಸುಧಾರಣೆ ಬೇಕು’ ಎಂದಿದ್ದವರಿಗೆ ಹತ್ತನೇ ತರಗತಿ ಕೊಡುವಂತಿಲ್ಲ ಎಂದು ಮಂಡಳಿ ತೀರ್ಮಾನಿಸಿತು. ಎರಡು ವರ್ಷ ಅವರು ಕೈಹಿಡಿದು ನಡೆಸಿದ ಮೂವತ್ತೆಂಟು ಮಕ್ಕಳು ಬೇರೆಯವರ ಪಾಲಾದರು. ಮೇಷ್ಟ್ರಿಗೆ ಆರನೇ ತರಗತಿ ಸಿಕ್ಕಿತು. ಅವರು ಸೀಮೆಸುಣ್ಣದ ಡಬ್ಬಿ ಹಿಡಿದು ಮೇಲಿನ ಮಹಡಿಯಿಂದ ಕೆಳಕ್ಕೆ ಇಳಿದು ಬಂದದ್ದನ್ನು ನಾನು ಆಫೀಸಿನ ಕಿಟಕಿಯಿಂದಲೇ ನೋಡಿದೆ. ನೋಡಿ, ಕೈಯಲ್ಲಿದ್ದ ಕಾಗದಕ್ಕೆ ಸಹಿ ಹಾಕಿದೆ.

ಈ ವರ್ಷ ಮತ್ತೆ ಫಾರಂ ಬಂದವು. ಪರೀಕ್ಷೆಗೆ ಇನ್ನೂ ಎರಡೂವರೆ ತಿಂಗಳಿತ್ತು. ಮೊದಲು ಮೇಷ್ಟ್ರದ್ದನ್ನೇ ತೆಗೆದೆ. ಕೊರತೆಯ ಜಾಗದಲ್ಲಿ, ದುಂಡಗಿನ ಅಕ್ಷರದಲ್ಲಿ ‘ಏನೂ ಇಲ್ಲ’. ಮುಂದಿನದು ತೆಗೆದೆ: ‘ಏನೂ ಇಲ್ಲ’. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಅದೇ. ಹೊಸದಾಗಿ ಸೇರಿದ ವಿಜ್ಞಾನದ ಟೀಚರನ್ನು ಕರೆದು, “ಏನಮ್ಮಾ, ಕೆಲಸಕ್ಕೆ ಸೇರಿ ಎರಡೇ ವರ್ಷಕ್ಕೆ ಒಂದು ಕೊರತೇನೂ ಇಲ್ವಾ ನಿಂಗೆ?” ಎಂದು ರೇಗಿದೆ.

“ಇದಾವೆ ಮೇಡಂ, ಬೇಕಾದಷ್ಟು,” ಅಂದಳು ಆಕೆ, ನೆಲ ನೋಡುತ್ತಾ. “ಆದ್ರೆ ಹೋದ ವರ್ಷ ಮೇಷ್ಟ್ರು ಬರ್ದಿದ್ದಕ್ಕೆ ಏನಾಯ್ತು ಅಂತ ನಾವೂ ನೋಡಿದ್ವಲ್ಲ.”

ಆಕೆ ಹೋದ ಮೇಲೆ ಬೀರು ತೆಗೆದು ಹೋದ ವರ್ಷದ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟೆ, ಅವರು ಬರೆದದ್ದು ಮತ್ತು ನಾನು ಬರೆದದ್ದು. ನಾನು ಕಣ್ಣಾರೆ ಕಂಡದ್ದು ನನ್ನ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮನೆಯಲ್ಲಿ ನಮ್ಮ ಯಜಮಾನರಿಗೆ ಹೇಳಿಕೊಂಡೆ. ಅವರದು ಕನ್ನಡಕದ ಅಂಗಡಿ. ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. “ಅಲ್ವೇ, ಗಿರಾಕಿ ಕಣ್ಣು ನೋಡ್ದೆ, ಅವನು ಹೇಳಿದ ನಂಬರಿಗೆ ಇನ್ನೆರಡು ಸೇರಿಸಿ ಕನ್ನಡಕ ಕೊಟ್ಟಂಗಾಯ್ತು ನೀನು ಮಾಡಿದ್ದು,” ಅಂದರು.

ಮರುದಿನದಿಂದ ಮೇಷ್ಟ್ರ ಆರನೇ ತರಗತಿಗೆ ಹೋಗತೊಡಗಿದೆ. ಮೊದಲೇ ಹೇಳಿ, ಫೋನನ್ನು ಆಫೀಸಿನಲ್ಲೇ ಬಿಟ್ಟು, ಬೇರೆ ಬೇರೆ ವಾರ ಮೂರು ಪಿರಿಯಡ್ ಪೂರ್ತಿ ಕೂತೆ. ಕಂಡದ್ದನ್ನು ಮಾತ್ರ ಬರೆದುಕೊಂಡೆ. ಭಿನ್ನರಾಶಿ ಅರ್ಥವಾಗದೆ ಅಳು ಬಂದಿದ್ದ ಹುಡುಗಿಗೆ ಅವರು ಒಂದು ಕಾಗದವನ್ನು ಮಡಚಿ ಮಡಚಿ ತೋರಿಸಿದರು. ಕೊನೆಗೆ ಅವಳೇ ಎದ್ದು ಬಂದು ಬೋರ್ಡಿನಲ್ಲಿ ಬಿಡಿಸಿದಳು. ಅದೇ ಹೊತ್ತಿಗೆ ಲೆಕ್ಕ ಮುಗಿಸಿದ್ದ ಒಂಬತ್ತು ಮಕ್ಕಳು ಹದಿನಾಲ್ಕು ನಿಮಿಷ ಸುಮ್ಮನೆ ಕೂತು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಅದನ್ನೂ ಬರೆದುಕೊಂಡೆ. ಮೇಷ್ಟ್ರ ಕೊರತೆ ಸುಳ್ಳಾಗಿರಲಿಲ್ಲ, ಹೋದ ವರ್ಷ ಅವರೇ ಕಲಿಸಿಕೊಡಿ ಎಂದು ಕೇಳಿದ್ದ ಅದೇ ಕೊರತೆ. ಸುಳ್ಳಾಗಿದ್ದದ್ದು ನನ್ನ ಬರಹ.

ನೋಟ್‌ಬುಕ್ ನೋಡಿದೆ, ಪಾಠ ಯೋಜನೆಯ ಪುಸ್ತಕ ನೋಡಿದೆ, ಎರಡು ಕಿರುಪರೀಕ್ಷೆಯ ಅಂಕ ಹೋಲಿಸಿದೆ. ಮೊದಲನೆಯದರಲ್ಲಿ ಹನ್ನೆರಡು ಮಕ್ಕಳು ಫೇಲ್, ಎರಡನೆಯದರಲ್ಲಿ ಮೂವರು. ಬರೆಯಲು ಕೂತಾಗ ನಾಲ್ಕು ಸಲ ಹರಿದು ಹಾಕಿದೆ. ಒಂದು ಸಲ ಪಾಪಪ್ರಜ್ಞೆಯಿಂದ ಬರೀ ಹೊಗಳಿಕೆಯೇ ಬಂತು. ಅದೂ ಅನ್ಯಾಯವೇ ಅನ್ನಿಸಿ ಹರಿದೆ. ಕೊನೆಗೆ ಸಾಮರ್ಥ್ಯಕ್ಕೆ ಆ ಕಾಗದದ ಪಾಠವನ್ನೂ ಅಂಕಗಳನ್ನೂ ಬರೆದೆ. ಕೊರತೆಗೆ ‘ನಿಧಾನ ಸ್ವಭಾವ’ ಎನ್ನಲಿಲ್ಲ. ನಾನು ಕೂತ ಮೂರು ಪಿರಿಯಡ್‌ಗಳಲ್ಲಿ ಎರಡರಲ್ಲಿ ಬೇಗ ಮುಗಿಸಿದವರಿಗೆ ಕೆಲಸವಿರಲಿಲ್ಲ, ಒಂದು ಅಧ್ಯಾಯ ಎಂಟು ದಿನ ತಡವಾಗಿದೆ ಎಂದಷ್ಟೇ ಬರೆದೆ. ನೋಟ್‌ಬುಕ್ ಈ ವರ್ಷ ಹೊತ್ತಿಗೆ ಸರಿಯಾಗಿ ವಾಪಸಾಗಿದ್ದವು, ಅದನ್ನು ಸೇರಿಸಿದೆ. ಗುರಿ ಎರಡೇ: ಪ್ರತಿ ಪಾಠಕ್ಕೂ ಮುಂದೆ ಹೋದವರಿಗಾಗಿ ಒಂದು ಲೆಕ್ಕದ ಹಾಳೆ, ಹಿಂದುಳಿದವರಿಗೆ ‘ಇನ್ನೊಂದ್ಸಲ’ ಹೇಳಲು ವಾರಕ್ಕೊಂದು ಬೇರೆ ಪಿರಿಯಡ್. ಆ ಪಿರಿಯಡ್ ಒದಗಿಸುವುದು, ಹಾಳೆ ತಯಾರಿಸುವುದನ್ನು ಬಲ್ಲ ಇನ್ನೊಬ್ಬ ಶಿಕ್ಷಕಿಯ ತರಗತಿಗೆ ಇವರನ್ನು ಕಳಿಸುವುದು ನನ್ನ ಹೊಣೆ, ಅರ್ಧವರ್ಷಕ್ಕೆ ಇಬ್ಬರೂ ಕೂತು ನೋಡುವುದು ಎಂದು ಸೇರಿಸಿದೆ. ನಾನು ನೋಡಿದ್ದು ವರ್ಷದ ಕೊನೆಯ ಭಾಗವನ್ನು ಮಾತ್ರ ಎಂಬುದನ್ನೂ ಬರೆದೆ. ಒಟ್ಟು ಗುರುತು ‘ಉತ್ತಮ’. ‘ಅತ್ಯುತ್ತಮ’ ಅಲ್ಲ.

ಜೊತೆಗೆ ಮಂಡಳಿಗೆ ಒಂದು ಪತ್ರ: ಹೋದ ವರ್ಷದ ವರದಿಯನ್ನು ನಾನು ತರಗತಿ ನೋಡದೆ, ಶಿಕ್ಷಕರ ಸ್ವಂತ ಫಾರಂನಿಂದ ಎತ್ತಿ, ಹಿಗ್ಗಿಸಿ ಬರೆದೆ, ಅದನ್ನು ಹಿಂಪಡೆಯುತ್ತಿದ್ದೇನೆ.

ಕಾರ್ಯದರ್ಶಿಗಳು ಫೋನಿನಲ್ಲಿ, “ಹೋದ ವರ್ಷದ್ದನ್ನ ಈಗ್ಯಾಕೆ ಕೆದಕ್ತೀರಾ ಮೇಡಂ? ನಿಮ್ಮ ಅಪ್ರೈಸಲ್ ಬರೆಯೋನು ನಾನು, ಗೊತ್ತಲ್ಲ?” ಎಂದು ನಕ್ಕರು. ಅದರಲ್ಲಿ ಇದನ್ನೂ ಬರೆಯಿರಿ ಅಂದೆ.

ಹತ್ತನೆಯವರ ಪರೀಕ್ಷೆ ಮುಗಿದು ಮೂರು ದಿನವಾಗಿತ್ತು. ಮೇಷ್ಟ್ರನ್ನು ಕರೆದು ಕೂರಿಸಿ, ವರದಿಯನ್ನೂ ಪತ್ರವನ್ನೂ ಮುಂದಿಟ್ಟೆ. “ನನ್ನಿಂದ ತಪ್ಪಾಗಿದೆ ಮೇಷ್ಟ್ರೇ,” ಅಂದೆ. ಇಪ್ಪತ್ತೇಳು ವರ್ಷದ ಕೆಲಸದಲ್ಲಿ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅವರು ಎರಡನ್ನೂ ನಿಧಾನವಾಗಿ ಓದಿದರು. ಬೇಗ ಮುಗಿಸಿದ ಮಕ್ಕಳ ವಿಷಯ ಬಂದಾಗ, “ಹೌದು, ಇದು ನಿಜ,” ಎಂದು ತಲೆಯಾಡಿಸಿದರು. ವಾರದ ಪಿರಿಯಡ್ ಊಟಕ್ಕೆ ಮುಂಚೆ ಇದ್ದರೆ ಒಳ್ಳೆಯದು, ಊಟ ಆದ ಮೇಲೆ ಮಕ್ಕಳು ತೂಕಡಿಸುತ್ತಾರೆ ಅಂದರು. ಸಹಿ ಹಾಕಿದರು. ಆಮೇಲೆ ಪತ್ರದ ಮೇಲೆ ಬೆರಳಿಟ್ಟು, “ಇದು ಮಂಡಳಿಗೆ ಹೋಗ್ಲಿ ಮೇಡಂ. ಆದ್ರೆ ಹತ್ತನೇ ಕ್ಲಾಸಿನ ಮಕ್ಕಳ ಕಿವಿಗೆ ಬೀಳೋದು ಬೇಡ,” ಅಂದರು.

“ಯಾಕೆ?”

“ಯಾಕೆ ಸಾರ್ ನಮ್ಮನ್ನ ಬಿಟ್ರಿ ಅಂತ ಕೇಳಿದ್ರು. ನಂಗೇ ಬೇಡ ಅನ್ನಿಸ್ತು, ನಾನೇ ಕೇಳಿ ಬಿಡಿಸ್ಕೊಂಡೆ ಅಂತ ಹೇಳಿದೀನಿ. ನೀವು ಬಿಡಿಸಿದ್ರಿ ಅಂದಿದ್ರೆ ಎಲ್ರೂ ಬಂದು ನಿಮ್ಮ ಬಾಗಿಲಲ್ಲಿ ನಿಲ್ತಿದ್ರು, ಓದು ಹಾಳಾಗ್ತಿತ್ತು. ಒಬ್ಬಳಂತೂ ಎಂಟನೇ ಕ್ಲಾಸಲ್ಲಿ ಗುಣಾಕಾರಾನೂ ಬರದೇ ಇದ್ದವಳು. ಅವತ್ತಿಂದ ಮಾತು ಬಿಟ್ಬಿಟ್ಲು ನನ್ನ ಹತ್ರ.”

ಹೋದ ವರ್ಷ ಫಾರಂನಲ್ಲಿ ಕೂಡ ಸುಳ್ಳು ಬರೆಯದಿದ್ದ ಮನುಷ್ಯ ನನ್ನ ಮಾನ ಮುಚ್ಚಲು ಮೂವತ್ತೆಂಟು ಮಕ್ಕಳ ಮುಂದೆ ಸುಳ್ಳಾಡಿದ್ದರು. ವರ್ಷವಿಡೀ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ದಿನಾ ಬೆಳಿಗ್ಗೆ ನನಗೆ ನಮಸ್ಕಾರ ಹೇಳಿ ಒಳಗೆ ಹೋಗುತ್ತಿದ್ದರು. “ಆ ಹುಡುಗಿ ಗಣಿತ ಹೇಗೆ ಮಾಡಿದ್ಳಂತೆ?” ಎಂದು ಕೇಳಿದೆ.

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಎದ್ದರು.

“ಗೊತ್ತಿಲ್ಲ ಮೇಡಂ. ಹೇಳ್ದೇನೇ ಹೋದ್ಲು.”