ಎರಡಕ್ಷರದ ಜಾಗ

ಪುಣೆಯ ಹಿಂಜವಾಡಿಯ ಸಿಗ್ನಲ್ಲಿನಲ್ಲಿ ಗಾಡಿಗಳು ಮುಂದೆ ಹೋಗುವುದಿಲ್ಲ, ವಯಸ್ಸು ಮಾತ್ರ ಹೋಗುತ್ತದೆ. ಅಂಥ ಒಂದು ಬೆಳಿಗ್ಗೆ ನಮ್ಮ ಕಂಪನಿ ಕ್ಯಾಬಿನ ಚಾಲಕಿ ದುರ್ಗಾ ಸ್ಟೀರಿಂಗಿನ ಮೇಲೆ ಅಂಗೈಯಿಂದ ತಾಳ ಹಾಕುತ್ತಿದ್ದಳು. ಒಂದು, ಎರಡು, ಮೂರು, ನಾಲ್ಕು. ಎರಡಕ್ಕೂ ನಾಲ್ಕಕ್ಕೂ ಪೆಟ್ಟು ಜೋರು. ಆ ಜೋರು ಪೆಟ್ಟು ಬೀಳುತ್ತಿದ್ದದ್ದು ಸರಿಯಾಗಿ ಹಾರನ್ನಿನ ಮೇಲೆ. ಮುಂದೆ ನಿಂತಿದ್ದ ಟ್ರಾಫಿಕ್ ಪೊಲೀಸ್, ಯಾರೋ ತನ್ನನ್ನು ಲಯಬದ್ಧವಾಗಿ ಅವಮಾನಿಸುತ್ತಿದ್ದಾರೆ ಎಂದುಕೊಂಡು ಬಂದು ಗಾಜು ತಟ್ಟಿದ. ಅವಳು ಮರಾಠಿಯಲ್ಲಿ, ಬೀಟ್ ಹಿಡಿಯುತ್ತಿದ್ದೆ ಸಾಹೇಬ್ರೇ ಎಂದಳು. ಈ ಬೀಟು ನನ್ನದು ಎಂದು ಅವನು ಲೈಸೆನ್ಸ್ ಕೇಳಿದ. ಹಿಂದೆ ಕುಳಿತಿದ್ದ ನಾವು ಮೂವರು ಹೊರಗೆ ಏನೋ ಬಹಳ ಆಸಕ್ತಿಯದು ಕಂಡವರಂತೆ ಇನ್ನೊಂದು ಕಿಟಕಿಯತ್ತ ಮುಖ ತಿರುಗಿಸಿದೆವು.

ದುರ್ಗಾಳ ಅಪ್ಪ ಅವ್ವ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವರು. ಅವಳು ಹುಟ್ಟಿ ಬೆಳೆದದ್ದು ಯೆರವಡಾದ ಒಂದು ಓಣಿಯಲ್ಲಿ. ವಯಸ್ಸು ಮೂವತ್ತರ ಹತ್ತಿರ. ಕ್ಯಾಬ್ ಓಡಿಸುವುದು ಹೊಟ್ಟೆಗೆ. ರ‍್ಯಾಪ್ ಬರೆಯುವುದು ಯಾತಕ್ಕೆ ಎಂದು ಕೇಳಿದರೆ ಅವಳು ಗೇರ್ ಬದಲಿಸುತ್ತಿದ್ದಳು. ಬರೆಯುವವಳು ಇವಳಾದರೂ ಹಾಡುವವನು ಬೇರೆ. ಅವನು ದೇವಾನಂದ, ಅದೇ ಓಣಿಯವನು. ಇಬ್ಬರೂ ಚಿಕ್ಕಂದಿನಲ್ಲಿ ಕಟ್ಟಡದ ಬದಿಗೆ ಒಟ್ಟಿದ್ದ ಸೆಂಟ್ರಿಂಗ್ ತಗಡುಗಳನ್ನು ಬಡಿದು ಹಾಡು ಕಟ್ಟಿದವರು. ದೊಡ್ಡವನಾಗಿ ಅವನು ಹಿಂಜವಾಡಿಯ ಒಂದು ಆಫೀಸಿನಲ್ಲಿ ಮೇಲ್ವಿಚಾರಕನಾದ. ಅಲ್ಲಿಯ ವಾರ್ಷಿಕೋತ್ಸವದಲ್ಲಿ ದುರ್ಗಾ ಬರೆದ ಸಾಲುಗಳನ್ನು ಹಾಡಿದ. ಕೇಳುತ್ತ ಕುಳಿತಿದ್ದ ಪೂರ್ವಾ ಎಂಬ ಧಾರವಾಡ ಮೂಲದ ಹುಡುಗಿ ಆ ಸಾಲುಗಳಿಗೆ ಮನಸೋತಳು. ಸಾಲುಗಳು ಯಾರ ಬಾಯಿಂದ ಬಂದವೋ ಅವನನ್ನೇ ಮೆಚ್ಚಿದಳು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ನಾವೆಲ್ಲ ನಲ್ಲಿಗೆ ಕೈಮುಗಿಯುವವರೇ, ಕೆರೆಗೆ ಯಾರು ಮುಗಿಯುತ್ತಾರೆ?

ಈಗ ದೇವಾನಂದನಿಗೂ ಪೂರ್ವಾಳಿಗೂ ಸಾಖರಪುಡಾ ಗೊತ್ತಾಗಿತ್ತು. ಪುಣೆಯಲ್ಲಿ ನಾವು ಕನ್ನಡದವರೂ ನಿಶ್ಚಿತಾರ್ಥಕ್ಕೆ ಹಾಗೆಯೇ ಅನ್ನುತ್ತೇವೆ. ಆ ದಿನ ಎಲ್ಲರೆದುರಿಗೆ ಹಾಡಲು ಅವನಿಗೆ ಎಂಟು ಬಾರಿನ ಒಂದು ಪದ್ಯ ಬೇಕಿತ್ತು. ಬೀಟನ್ನು ಫೋನಿಗೆ ಕಳಿಸಿದ್ದ. ಬರೆದುಕೊಡಬೇಕಾದವಳು ದುರ್ಗಾ.

'ಬಾರು' ಎಂದಾಗ ನನ್ನ ಕಿವಿ ನೆಟ್ಟಗಾದದ್ದು ನಿಜ. ಅವಳು ತಿದ್ದಿದಳು. ನಾಲ್ಕು ಪೆಟ್ಟು ಕೂಡಿದರೆ ಒಂದು ಬಾರು. ಈ ಬೀಟಿನ ವೇಗ ನಿಮಿಷಕ್ಕೆ ತೊಂಬತ್ತು ಪೆಟ್ಟು, ಅಂದರೆ ಒಂದು ಬಾರಿಗೆ ಎರಡೂಮುಕ್ಕಾಲು ಸೆಕೆಂಡಿಗೂ ತುಸು ಕಡಿಮೆ. ಒಂದೊಂದು ಪೆಟ್ಟಿನೊಳಗೆ ನಾಲ್ಕು ಖಾನೆ, ಬಾರಿಗೆ ಹದಿನಾರು. ಗಿಡ್ಡ ಅಕ್ಷರಕ್ಕೆ ಒಂದು ಖಾನೆ, ಎಳೆದ ಅಕ್ಷರಕ್ಕೂ ಒತ್ತಿನ ಹಿಂದಿನ ಅಕ್ಷರಕ್ಕೂ ಎರಡು. ಅದಕ್ಕೆ ಮಾತ್ರೆ ಅನ್ನುತ್ತಾರೆ ಎಂದು ನಾನು ಹೇಳಿದೆ. ಕಾನ್ವೆಂಟಿನಲ್ಲಿ ಕನ್ನಡ ನನಗೆ ಮೂರನೆಯ ಭಾಷೆಯಾಗಿತ್ತು. ಗುರುವೂ ಲಘುವೂ ನನ್ನನ್ನು ಅಷ್ಟೇ ಲಘುವಾಗಿ ಕಂಡಿದ್ದವು, ಆದರೂ ಆ ಪದ ಉಳಿದಿತ್ತು.

"ಮಾತ್ರಿ ಅಂದ್ರ ಗುಳಿಗಿ ಅಲ್ಲೇನ್ರಿ ಕಾಕಾ?"

"ಅದೂ ಹೌದವಾ."

"ಹಂಗಾರ ಬರೋಬ್ಬರಿ ಅದ. ಹೆಚ್ಚಾದ್ರ ಇದೂ ಜೀವಕ್ಕ ಕೆಟ್ಟ."

ಹೆಚ್ಚಾದದ್ದು ದೇವಾನಂದನಿಗೆ. ಅವನೇ ಒಂದು ಸಾಲು ಬರೆದು ಕಳಿಸಿದ್ದ: 'ನಾನು ನಿನ್ನನ್ನು ಬಹಳ ಪ್ರೀತಿಸುತ್ತಿದ್ದೇನೆ.' ಅವಳು ಅದನ್ನು ಬೀಟಿನ ಮೇಲೆ ಅಂದು ತೋರಿಸಿದಳು. ಖಾನೆ ಇಪ್ಪತ್ತೊಂದಾಗುತ್ತವೆ. 'ಪ್ರೀತಿಸು' ಎನ್ನುವಷ್ಟರಲ್ಲಿ ಬಾರು ಮುಚ್ಚುತ್ತದೆ, 'ತ್ತಿದ್ದೇನೆ' ಶಟರಿನ ಹೊರಗೆ ನಿಲ್ಲುತ್ತದೆ. ತುರುಕಿ ಹೇಳಿದರೆ ಹೇಳಬಹುದು, ಆದರೆ ಕೇಳುವವರಿಗೆ ಪ್ರೀತಿ ಕಾಣುವುದಿಲ್ಲ, ಅವಸರ ಕಾಣುತ್ತದೆ. ಪುಸ್ತಕದ ಕನ್ನಡದಲ್ಲಿ ಪ್ರೀತಿಸಲು ಹದಿನಾರು ಖಾನೆ ಸಾಲದು ಎಂದು ಅವಳು ಮನೆಮಾತಿಗೆ ಇಳಿದಳು.

ಆ ವಾರವೆಲ್ಲ ನಮ್ಮ ಕ್ಯಾಬು ಪದ್ಯ ಬರೆಯಿತು. ಮೊದಲ ನಾಲ್ಕು ಬಾರು ನನಗೆ ಬಾಯಿಪಾಠವಾದವು:

ಎಲ್ಲಾ ಮಾರ್ಗಾ ಮುಟ್ಟೂದ್ ದುರ್ಗಾ
ಉರಿಬಿಸಿಲಾಗೂ ನೆರಳೇ ಸ್ವರ್ಗಾ
ನಕ್ಕರ ಸಕ್ಕರಿ ಮಾತೇ ಅಕ್ಕರಿ
ಒಬ್ಬನ ಇದ್ದರ ಕತ್ತಲಿ

ಮೊದಲನೇ ಸಾಲಿನಲ್ಲಿ ಗಿಡ್ಡ ಅಕ್ಷರವೇ ಇಲ್ಲ, ಎಂಟೂ ಭಾರದವು; ಹೊರೆ ಹೊತ್ತ ಎತ್ತಿನ ಹಾಗೆ ನಡೆಯುತ್ತದೆ. ಎರಡನೆಯದು ಶುರುವಿಗೇ ನಾಲ್ಕು ಗಿಡ್ಡ ಅಕ್ಷರ ಹಾರಿಸಿಕೊಂಡು ಓಡುತ್ತದೆ. ಒಂದೇ ಬೀಟಿನ ಮೇಲೆ ಒಮ್ಮೆ ನಡೆದು ಒಮ್ಮೆ ಓಡಿದರೇ ಅದು ಫ್ಲೋ, ಇಲ್ಲದಿದ್ದರೆ ಮಗ್ಗಿ ಎಂದು ಅವಳ ವಿವರಣೆ. ಪ್ರಾಸ ಸಾಲಿನ ಕೊನೆಯಲ್ಲಷ್ಟೇ ಇದ್ದರೆ ಕೇಳುವವರು ಕೊನೆಯವರೆಗೆ ಕಾಯಬೇಕು. ಅದಕ್ಕೇ ಅವಳು ಒಳಗೂ ಇಟ್ಟಿದ್ದಳು. ಎರಡನೇ ಪೆಟ್ಟಿಗೆ ಚಪ್ಪಾಳೆಯ ಸದ್ದು ಬೀಳುವಾಗ 'ಮಾರ್ಗಾ', ನಾಲ್ಕನೆಯದಕ್ಕೆ 'ದುರ್ಗಾ'. ಮೂರನೇ ಸಾಲಿನಲ್ಲಿ 'ನಕ್ಕರ' ಹೋಗಿ 'ಸಕ್ಕರಿ'ಯನ್ನು ಎಬ್ಬಿಸುತ್ತದೆ, 'ಸಕ್ಕರಿ' ಹೋಗಿ 'ಅಕ್ಕರಿ'ಯನ್ನು. ಸಾಖರಪುಡಾ ಅಂದಮೇಲೆ ಸಕ್ಕರೆ ಬೇಡವೇ ಎಂದು ನಕ್ಕಳು. ನಗು ಕನ್ನಡಿಯಲ್ಲಿ ನನ್ನನ್ನು ತಪ್ಪಿಸಿಕೊಂಡು ಹೋಯಿತು.

ನಾಲ್ಕನೇ ಸಾಲು ಕುಂಟುತ್ತಿದೆ, ಒಂದು ಪೆಟ್ಟು ಖಾಲಿ ಉಳಿದಿದೆ ಎಂದು ನಾನು ಹಿಂದಿನ ಸೀಟಿನಿಂದ ತಪ್ಪು ಹಿಡಿದೆ.

"ಅಲ್ಲಿ ಅಂವ ಉಸುರು ತಗೋತಾನ್ರಿ," ಎಂದಳು.

ಸಿಮೆಂಟಿನ ದೂಳಿನಲ್ಲಿ ಬೆಳೆದ ಎದೆ ಅವನದು, ಉಸಿರು ಗಿಡ್ಡ. ಮೂರು ಬಾರು ಒಂದೇ ದಮ್ಮಿಗೆ ಎಳೆಯುತ್ತಾನೆ, ನಾಲ್ಕರ ಕೊನೆಗೆ ಗಾಳಿ ಬೇಕೇ ಬೇಕು. ಹದಿನೈದು ವರ್ಷದಿಂದ ಇವಳು ಬರೆದ ಪ್ರತಿ ಪದ್ಯದಲ್ಲೂ ಆ ಖಾಲಿ ಜಾಗ ಇದೆಯಂತೆ. ಪೂರ್ವಾಳಿಗೆ ಅವನ ಸಂಬಳ, ರಕ್ತದ ಗುಂಪು ಎಲ್ಲ ತಿಳಿದಿರಬಹುದು. ಅವನ ಉಸಿರು ಯಾವ ಖಾನೆಯಲ್ಲಿ ಮುಗಿಯುತ್ತದೆಂದು ತಿಳಿದವಳು ಇವಳೊಬ್ಬಳೇ.

ಆದರೆ ನನಗೆ ತೊಡಕಾದದ್ದು ಮೊದಲ ಸಾಲು. ಮದುವೆ ಹುಡುಗಿ ಪೂರ್ವಾ, ಸಾಲಿನಲ್ಲಿ ಕುಳಿತವಳು ದುರ್ಗಾ. ಕೇಳಿದೆ. ಅದು ಹೆಸರಿನ ಜಾಗ ಹಿಡಿಯಲು ಹಾಕಿದ ಟವೆಲ್ಲು ಎಂದಳು. ಎರಡೂ ಹೆಸರಿಗೆ ಎರಡೇ ಅಕ್ಷರ, ಎರಡೂ ಭಾರ, ನಾಲ್ಕು ಖಾನೆ. ಇದನ್ನು ತೆಗೆದು ಅದನ್ನು ಇಟ್ಟರೆ ಬೀಟಿಗೆ ಗೊತ್ತೂ ಆಗುವುದಿಲ್ಲ.

"ಬೀಟಿಗೆ ಗೊತ್ತಾಗಲಿಕ್ಕಿಲ್ಲ. ಪ್ರಾಸಕ್ಕ?" ಎಂದೆ.

ಅವಳು ಉತ್ತರಿಸುವಷ್ಟರಲ್ಲಿ ಉಳಿದ ಇಬ್ಬರು ಇಳಿದು ಹೋಗಿದ್ದರು.

"ಅದಕ್ಕ ಕಾಯ್ಲಿಕತ್ತೀನಿ ಕಾಕಾ. ಪ್ರಾಸ ತಪ್ಪಿದ್ರ ಅಂವಗ ಹಲ್ಲಿನ್ಯಾಗ ಹರಳ ಸಿಕ್ಕಂಗ ಆಗ್ತದ. ಮಾರ್ಗಾ, ಸ್ವರ್ಗಾ ಅಂತ ಹೇಳಿ ನಡುವ ಪೂರ್ವಾ ಅನ್ನೂಮುಂದ ತಡೀತಾನ. ಇಲ್ಲಿ ಇರಬೇಕಾದದ್ದು ಯಾವ ಹೆಸರು ಅಂತ ಅಂವಗ ಕೇಳಸ್ತದ. ನಾ ಬಾಯಿಬಿಟ್ಟು ಹೇಳೂದು ಬ್ಯಾಡ."

ಹೀಗೆ ಒಬ್ಬ ಹೆಂಗಸು ತನ್ನ ಬದುಕನ್ನು ಎರಡು ಪ್ರಾಸಗಳ ಮೇಲೆ ಒಡ್ಡಿದ್ದಳು. ನನಗೆ ಹೇಳಲು ಒಂದು ಶ್ಲೇಷೆ ತೋಚಿತು. ದುರ್ಗ ಎಂದರೆ ಸುಲಭವಾಗಿ ಹೋಗಿ ಮುಟ್ಟಲಾಗದ್ದು, ಹೀಗಿರುವಾಗ ಎಲ್ಲ ಮಾರ್ಗ ಮುಟ್ಟುವುದು ಹೇಗೆ ಎಂದು. ಜೀವನದಲ್ಲಿ ನಾನು ನುಂಗಿದ ಕೆಲವೇ ಶ್ಲೇಷೆಗಳಲ್ಲಿ ಅದೊಂದು. ನುಂಗಿದ ಮಾತ್ರೆ ಅನ್ನಿ.

ಮಾರನೆಯ ಮಧ್ಯಾಹ್ನ ಆಫೀಸಿನ ಪಾರ್ಕಿಂಗಿನಲ್ಲಿ, ಕ್ಯಾಬಿನ ಗಾಜು ಏರಿಸಿ, ಎ.ಸಿ. ಆರಿಸಿ, ಬೆವರುತ್ತ ಅವಳು ಎಂಟೂ ಬಾರನ್ನು ಹಾಡಿ ಫೋನಿನಲ್ಲಿ ಹಿಡಿದಳು. ಅವನು ಕೇಳಿ ಕಲಿಯಲಿಕ್ಕೆ. ತನ್ನ ಹೆಸರನ್ನೇ ಹಾಡಿದಳು. ಕೆಳಗೆ ಒಂದು ಸಾಲು ಬರೆದಳು: 'ಮೊದಲನೇ ಸಾಲಿನ್ಯಾಗ ಹೆಸರು ನೀ ಹಾಕ್ಕೋ.' ಅವನಿಂದ ಒಂದು ಹೆಬ್ಬೆರಳು ಬಂತು. ಬಾಯಿ ಇರುವ ಗಂಡಸರು ಹೆಬ್ಬೆರಳಿನಿಂದ ಮಾತಾಡುವ ಕಾಲ ಇದು.

ಸಾಖರಪುಡಾ ಭಾನುವಾರ. ಅವಳು ಹೋಗಲಿಲ್ಲ, ಡ್ಯೂಟಿ ಕೇಳಿ ಹಾಕಿಸಿಕೊಂಡಳು. ಸೋಮವಾರ ಬೆಳಿಗ್ಗೆ ಅದೇ ಸಿಗ್ನಲ್ಲಿನಲ್ಲಿ ಓಣಿಯ ಯಾರೋ ಕಳಿಸಿದ್ದ ವಿಡಿಯೊ ತೆರೆದು ಫೋನನ್ನು ಹಿಂದಕ್ಕೆ ನನ್ನ ಕೈಗೆ ಕೊಟ್ಟಳು. ತಾನು ರಸ್ತೆ ನೋಡುತ್ತ ಕುಳಿತಳು.

ದೇವಾನಂದ ಚೆಂದದ ಹುಡುಗ. ಗುಲಾಬಿ ಜುಬ್ಬಾ ಹಾಕಿದ್ದ. ಬೀಟು ಶುರುವಾಯಿತು, ಜನ ಚಪ್ಪಾಳೆ ಹಿಡಿದರು, ಎರಡಕ್ಕೆ, ನಾಲ್ಕಕ್ಕೆ. ಎಲ್ಲಾ ಮಾರ್ಗಾ ಮುಟ್ಟೂದ್, ಎಂದ. ನಾನು ಉಸಿರು ಹಿಡಿದೆ. 'ಪೂರ್ವಾ' ಎಂದ. ತಡೆಯಲಿಲ್ಲ, ಎಡವಲಿಲ್ಲ. ಆ ಹೆಸರು ನಾಲ್ಕು ಖಾನೆಯೊಳಗೆ ಸಲೀಸಾಗಿ ಕುಳಿತುಕೊಂಡಿತು. ಪಕ್ಕದಲ್ಲಿದ್ದ ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು, ಸಂತೋಷಕ್ಕೆ. 'ಸ್ವರ್ಗಾ' ಜೊತೆಗಾರನನ್ನು ಹುಡುಕಿಕೊಂಡು ಬಂದು ಯಾರೂ ಸಿಗದೆ ಸಾಲಿನ ತುದಿಗೆ ಒಂಟಿಯಾಗಿ ನಿಂತಿತು. ಸಕ್ಕರಿ ಬಂತು, ಅಕ್ಕರಿ ಬಂತು. ಕತ್ತಲಿ ಎಂದವನು ಖಾಲಿ ಬಿಟ್ಟಿದ್ದ ಆ ಒಂದು ಪೆಟ್ಟಿನಲ್ಲಿ, ಸರಿಯಾಗಿ ಅಲ್ಲೇ, ಎದೆ ತುಂಬ ಉಸಿರು ತೆಗೆದುಕೊಂಡ.

ಫೋನು ವಾಪಸ್ ಕೊಟ್ಟೆ. ಅವಳ ಕೈ ಸ್ಟೀರಿಂಗಿನ ಮೇಲಿತ್ತು, ಬಡಿಯುತ್ತಿರಲಿಲ್ಲ. ಹಿಂದಿನ ಗಾಡಿಗಳು ಕೂಗಿದವು. ದೀಪ ಯಾವಾಗಲೋ ಹಸಿರಾಗಿತ್ತು. ಅವಳು ಗಾಡಿ ಬಿಟ್ಟಳು. ಮೂಗು ಒರೆಸಿಕೊಂಡದ್ದು ನಾನು ನೋಡಲಿಲ್ಲ ಎಂದು ಇಬ್ಬರೂ ಒಪ್ಪಿಕೊಂಡೆವು.

ಫ್ಲೈಓವರ್ ಇಳಿಯುವಾಗ ತಡೆಯಲಾರದೆ ಕೇಳಿದೆ.

"ಅಷ್ಟು ಚಲೋ ಕಿವಿ ಅಂತಿದ್ದೆಲ್ಲವಾ, ಅವನಿಗೆ ಅದು ಕೇಳಿಸಲೇ ಇಲ್ಲೇನು?"

"ಕೇಳಿಸ್ತ್ರಿ ಕಾಕಾ. ನಿನ್ನೆ ಸಂಜೀಕ ಫೋನ್ ಮಾಡಿದ್ದ. ಪೂರ್ವಾಕ್ಕ ಪ್ರಾಸ ಕೂಡವಲ್ದು, ಮದುವಿ ತನಕ ಸರಿ ಮಾಡಿ ಕೊಡು ಅಂದ. ಸ್ವರ್ಗಾ ತಗದು ಪರ್ವಾ ಹಾಕಿ ಕಳಿಸೀನಿ. ಮಾರ್ಗಾದ ಜಾಗಾಕ್ಕ ಏನರ ಹೊಳದ್ರ ಹೇಳ್ರಿ."